ಪಕ್ಕದಲ್ಲಿ ಗುಂಡಿ, ಪಾಯದಡಿ ಹೊಸ ಪಾಯ

ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಯಂಥ ಹಳೆಯ ಬೀದಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಅಂಥ ಸಾಲಿನಲ್ಲಿ ಒಂದು ಮನೆ ಕೆಡವಿ ಅಲ್ಲಿ ಹೊಸ ಕಟ್ಟಡ ಏಳಬೇಕಾದರೆ ಮೊದಲು ಅಗೆಯುವುದು ಕೆಳಕ್ಕೆ. ವಾಹನ ನಿಲ್ಲಿಸಲು, ಸರಕು ಇಡಲು ನೆಲಮಾಳಿಗೆ ಬೇಕು. ಅದಕ್ಕೆ ಹನ್ನೆರಡು ಹದಿಮೂರು ಅಡಿ ಮಣ್ಣು ತೆಗೆಯಬೇಕು. ಆದರೆ ಪಕ್ಕದ ಹಳೆಯ ಮನೆ ನಿಂತಿರುವುದು ನಾಲ್ಕಡಿ ಆಳದ ಸೈಜುಗಲ್ಲಿನ ಪಾಯದ ಮೇಲೆ. ಹೊಸ ಗುಂಡಿಯ ತಳ ಹಳೆಯ ಪಾಯದ ತಳಕ್ಕಿಂತ ಒಂಬತ್ತು ಅಡಿ ಕೆಳಗಿರುತ್ತದೆ.

ಆ ಒಂಬತ್ತು ಅಡಿಯಲ್ಲೇ ಇಡೀ ಸಮಸ್ಯೆ ಇದೆ. ಪಾಯದಿಂದ ಇಳಿಯುವ ಭಾರ ನೆಟ್ಟಗೆ ಕೆಳಕ್ಕಷ್ಟೇ ಹೋಗುವುದಿಲ್ಲ, ಮಣ್ಣಿನೊಳಗೆ ಅಕ್ಕಪಕ್ಕಕ್ಕೂ ಹರಡುತ್ತದೆ. ಪಾಯದ ಕೆಳಗಿನ ಮಣ್ಣು ಆ ಭಾರವನ್ನು ತಾಳಿಕೊಳ್ಳುವುದು ಅದರ ಪಕ್ಕದ ಮಣ್ಣು ಒತ್ತಿ ಹಿಡಿದಿರುವುದರಿಂದ. ಪಕ್ಕದ ಮಣ್ಣನ್ನು ತೆಗೆದರೆ ಪಾಯದಡಿಯ ಮಣ್ಣು ಗುಂಡಿಯ ಕಡೆಗೆ ಜರಿಯುತ್ತದೆ, ಅದರ ಹಿಂದೆಯೇ ಗೋಡೆ ಇಳಿಯುತ್ತದೆ. ಎಂಜಿನಿಯರುಗಳು ಇದನ್ನು ಅಂದಾಜಿಸಲು ಹಳೆಯ ಪಾಯದ ತಳದಿಂದ 45 ಡಿಗ್ರಿ ಓರೆಯಾಗಿ ಕೆಳಕ್ಕೆ ಒಂದು ಗೆರೆ ಎಳೆಯುತ್ತಾರೆ. ಹೊಸ ಗುಂಡಿ ಆ ಗೆರೆಯನ್ನು ದಾಟಿ ಒಳಗೆ ಬಂದರೆ ಹಳೆಯ ಕಟ್ಟಡಕ್ಕೆ ಅಪಾಯವಿದೆ ಎಂದು ಲೆಕ್ಕ. ಗೋಡೆಗೆ ಗೋಡೆ ತಾಗಿರುವಲ್ಲಿ ಗುಂಡಿ ಆ ಗೆರೆಯನ್ನು ದಾಟಿಯೇ ದಾಟುತ್ತದೆ.

ಪರಿಹಾರ ಹೇಳುವುದು ಸುಲಭ. ಮಣ್ಣು ತೆಗೆಯುವ ಮೊದಲೇ ಹಳೆಯ ಪಾಯದ ಕೆಳಗೆ ಹೊಸ ಪಾಯ ಕಟ್ಟಿ, ಗೋಡೆಯ ಭಾರವನ್ನು ಗುಂಡಿಯ ತಳದ ಮಟ್ಟಕ್ಕೆ ಇಳಿಸಬೇಕು. ಈ ಕೆಲಸವನ್ನು ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ಕಷ್ಟವಿರುವುದು ಮಾಡುವುದರಲ್ಲಿ. ಮನೆಯೊಳಗೆ ಜನ ವಾಸವಾಗಿರುವಾಗಲೇ ಅದರ ಪಾಯದಡಿಗೆ ಕೈ ಹಾಕಬೇಕು, ಗೋಡೆ ಮಾತ್ರ ಕದಲಬಾರದು.

ಒಂದು ಲೆಕ್ಕ ಹಿಡಿದು ನೋಡೋಣ. ಎರಡು ಅಂತಸ್ತಿನ ಹಳೆಯ ಮನೆ, ಪಕ್ಕದ ಸೈಟಿನ ಕಡೆಗಿರುವ ಗೋಡೆಯ ಉದ್ದ 36 ಅಡಿ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಮತ್ತು ಅದರ ಮೇಲೆ ಕೂತ ಚಾವಣಿಗಳ ಭಾರ ಸೇರಿ ಅಡಿಗೆ ಸುಮಾರು ಎರಡು ಟನ್ ಬರುತ್ತದೆ. ಒಟ್ಟು 70 ಟನ್ ಎಂದಿಟ್ಟುಕೊಳ್ಳಬಹುದು. ಈ ಉದ್ದವನ್ನು ಮೂರು ಮೂರು ಅಡಿಯ ಹನ್ನೆರಡು ಭಾಗ ಮಾಡಿ, ಗೋಡೆಯ ಮೇಲೆಯೇ ಬಣ್ಣದಲ್ಲಿ ಸಂಖ್ಯೆ ಬರೆಯುತ್ತಾರೆ. ಸಂಖ್ಯೆ ಬರೆಯುವುದು ಸಾಲಾಗಿ ಅಲ್ಲ: 1, 4, 2, 5, 3, ಮತ್ತೆ 1, 4, 2, 5, 3, ಕೊನೆಗೆ 1, 4. ಮೊದಲ ಸುತ್ತಿನಲ್ಲಿ 1 ಎಂದು ಬರೆದ ಮೂರು ಭಾಗಗಳನ್ನು ಮಾತ್ರ ಅಗೆಯುತ್ತಾರೆ. ಅವು ಒಂದರಿಂದೊಂದು ದೂರದಲ್ಲಿರುತ್ತವೆ. ಯಾವ ಹೊತ್ತಿನಲ್ಲೂ ಗೋಡೆಯ ಕಾಲು ಭಾಗಕ್ಕಿಂತ ಹೆಚ್ಚು ಉದ್ದಕ್ಕೆ ಆಸರೆ ತಪ್ಪಿರಬಾರದು ಎಂಬುದು ಇಲ್ಲಿನ ನಿಯಮ. ಆ ಮೂರಡಿಯಷ್ಟು ಅಗಲವನ್ನು ಇಟ್ಟಿಗೆ ಮತ್ತು ಕಲ್ಲಿನ ಕಟ್ಟಣೆ ಕಮಾನಿನಂತೆ ತಾನೇ ದಾಟಿಕೊಂಡು, ಭಾರವನ್ನು ಎರಡು ಬದಿಯ ಅಗೆಯದ ಮಣ್ಣಿಗೆ ಸಾಗಿಸುತ್ತದೆ. ಆರಡಿ ಅಗೆದರೆ ಆ ಭರವಸೆ ಇರುವುದಿಲ್ಲ.

ಅಗೆಯುವುದು ಕೈಯಿಂದಲೇ. ಸೈಟಿನ ಕಡೆಯಿಂದ ಒಬ್ಬ ಕೆಲಸಗಾರ ಇಳಿಯುವಷ್ಟು ಅಗಲದ ಗುಂಡಿ ತೋಡಿ, ಅಲ್ಲಿಂದ ಹಳೆಯ ಪಾಯದ ಅಡಿಗೆ ನುಗ್ಗಿ ಮಣ್ಣು ತೆಗೆಯುತ್ತಾರೆ. ಒಂದೂವರೆ ಮೀಟರಿಗಿಂತ ಆಳ ಹೋದರೆ ಬದಿಗಳಿಗೆ ಹಲಗೆ ಕೊಟ್ಟು ಬಿಗಿಯಬೇಕು ಎಂದು ಅಗೆತದ ಸುರಕ್ಷತೆಯ ಭಾರತೀಯ ಮಾನಕ ಹೇಳುತ್ತದೆ. ತಳ ಗಟ್ಟಿಯಾಗಿದೆಯೇ ಎಂದು ಎಂಜಿನಿಯರ್ ಸ್ವತಃ ಇಳಿದು ನೋಡಿದ ಮೇಲೆಯೇ ಕಾಂಕ್ರೀಟ್. ಹಳೆಯ ಪಾಯದ ತಳಕ್ಕೆ ಅಂಟಿದ ಮಣ್ಣನ್ನೂ ಸಡಿಲ ಕಲ್ಲನ್ನೂ ಪೂರ್ತಿ ಕೆರೆದು ತೆಗೆದಿರಬೇಕು. ಪಕ್ಕದ ಭಾಗದ ಕಾಂಕ್ರೀಟಿನೊಂದಿಗೆ ಮುಂದೆ ಬೆಸೆದುಕೊಳ್ಳಲು ಬದಿಯಲ್ಲಿ ಕಬ್ಬಿಣದ ಸರಳುಗಳನ್ನು ಚಾಚಿ ಬಿಡುತ್ತಾರೆ.

ಕಾಂಕ್ರೀಟನ್ನು ಹಳೆಯ ಪಾಯಕ್ಕೆ ತಾಗುವವರೆಗೆ ತುಂಬುವುದಿಲ್ಲ, ಮೇಲೆ ಮೂರಿಂಚು ಜಾಗ ಉಳಿಸುತ್ತಾರೆ. ಕಾಂಕ್ರೀಟ್ ಗಟ್ಟಿಯಾಗುತ್ತ ಸ್ವಲ್ಪ ಕುಗ್ಗುತ್ತದೆ. ತಾಗಿಸಿ ತುಂಬಿದ್ದರೆ ಕುಗ್ಗಿದ ಮೇಲೆ ಕೂದಲೆಳೆಯಷ್ಟು ಸಂದು ಬಿದ್ದು, ಗೋಡೆ ಆ ಸಂದಿನಷ್ಟು ಇಳಿಯುವವರೆಗೆ ಹೊಸ ಪಾಯ ಭಾರವನ್ನೇ ಹೊರುವುದಿಲ್ಲ. ಅದಕ್ಕೇ ಒಂದೆರಡು ದಿನ ಬಿಟ್ಟು ಆ ಮೂರಿಂಚನ್ನು ಡ್ರೈ ಪ್ಯಾಕ್ ಎಂಬ ಒಣ ಗಾರೆಯಿಂದ ತುಂಬುತ್ತಾರೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಒರಟು ಮರಳು, ನೀರು ತೀರಾ ಕಡಿಮೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಗಾರೆ ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಅದನ್ನು ಸ್ವಲ್ಪ ಸ್ವಲ್ಪವೇ ಹಿಂಬದಿಗೆ ತಳ್ಳಿ, ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದು ಜಡಿಯುತ್ತಾರೆ. ಸರಿಯಾಗಿ ತುಂಬಿದಾಗ ಬಡಿತದ ಸದ್ದು ಬದಲಾಗಿ ಕಲ್ಲಿಗೆ ಹೊಡೆದಂತೆ ಕೇಳುತ್ತದೆ. ಕೆಲಸ ಬೇಗ ಮುಗಿಯಲೆಂದು ನೀರು ಹೆಚ್ಚಿಸಿ ಗಾರೆ ಸುರಿದು ಮೇಲ್ಮೈ ನುಣುಪು ಮಾಡಿದರೆ ಹೊರಗಿನಿಂದ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ತಿಂಗಳು ಕಳೆದ ಮೇಲೆ ಮೇಲಂತಸ್ತಿನ ಕಿಟಕಿಯ ಮೂಲೆಯಲ್ಲಿ ಬಿರುಕು ಬರುತ್ತದೆ.

ಡ್ರೈ ಪ್ಯಾಕ್ ಗಟ್ಟಿಯಾಗಲು ಮತ್ತೆ ಒಂದೆರಡು ದಿನ ಕೊಟ್ಟು, ನಂತರವೇ 2 ಎಂದು ಬರೆದ ಭಾಗಗಳ ಸರದಿ. ಹೀಗೆ ಐದು ಸುತ್ತು. ಸುತ್ತಿಗೆ ಒಂದು ವಾರ ಹಿಡಿದರೂ ಒಂದೇ ಗೋಡೆಗೆ ತಿಂಗಳಿಗೂ ಮಿಕ್ಕಿ ಕಾಲ ಬೇಕು. ಅಷ್ಟು ದಿನ ಆ ಗೋಡೆಯ ಬುಡದಲ್ಲಿ ಜೆಸಿಬಿಗೆ ಕೆಲಸವಿಲ್ಲ. ಕಟ್ಟಿಸುವವರಿಗೆ ತಾಳ್ಮೆ ತಪ್ಪುವುದು ಇಲ್ಲಿಯೇ. ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣು ಹತ್ತಡಿ ಕಡಿದರೂ ನೆಟ್ಟಗೆ ನಿಲ್ಲುತ್ತದೆ, ಏನೂ ಆಗುವುದಿಲ್ಲವೆಂಬ ಧೈರ್ಯ ಕೊಡುತ್ತದೆ. ಆದರೆ ಒಣ ಮಣ್ಣಿನ ಬಿಗಿತ ಒಂದು ಜೋರು ಮಳೆಯವರೆಗೆ ಮಾತ್ರ. ನೀರು ಇಳಿದಂತೆ ಆ ಬಿಗಿತ ಹೋಗಿ, ಅದೇ ಮಣ್ಣು ಕೆಲವೇ ಗಂಟೆಗಳಲ್ಲಿ ಕುಸಿಯಬಹುದು.

ಹೊಸ ಪಾಯ ಕಟ್ಟಿದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. ಗುಂಡಿ ಪೂರ್ತಿ ಅಗೆದಾಗ ಆ ಕಾಂಕ್ರೀಟ್ ಕಂಬಗಳ ಸಾಲು ಮೇಲಿನ ಭಾರ ಹೊರುವುದರ ಜೊತೆಗೆ ಹಿಂದಿನ ಮಣ್ಣನ್ನೂ ತಡೆಯಬೇಕಾಗುತ್ತದೆ. ಹದಿಮೂರು ಅಡಿ ಎತ್ತರದ ಮಣ್ಣಿನ ಪಕ್ಕದ ಒತ್ತಡ ಸಾಮಾನ್ಯವಾಗಿ ಅಡಿ ಉದ್ದಕ್ಕೆ ಒಂದೂವರೆ ಟನ್ ದಾಟುತ್ತದೆ, ಅಂದರೆ ಗೋಡೆಯ ಭಾರಕ್ಕೆ ಹೆಚ್ಚು ಕಡಿಮೆ ಸರಿಸಮ. ಆದ್ದರಿಂದ ನೆಲಮಾಳಿಗೆಯ ತಳ ಮತ್ತು ಚಾವಣಿಯ ಕಾಂಕ್ರೀಟ್ ಬಿದ್ದು ಗಟ್ಟಿಯಾಗುವವರೆಗೆ ಆ ಸಾಲಿಗೆ ಉಕ್ಕಿನ ಆನಿಕೆಗಳನ್ನು ಕೊಟ್ಟು ನಿಲ್ಲಿಸಬೇಕು. ಪಕ್ಕಕ್ಕೆ ತಳ್ಳುವ ಮಣ್ಣಿನ ಬಲ ಎಂಥದೆಂದು 2009ರ ಜೂನ್ 27ರಂದು ಶಾಂಘೈ ನಗರ ಕಂಡಿತು. ನಿರ್ಮಾಣದಲ್ಲಿದ್ದ 13 ಅಂತಸ್ತಿನ ವಸತಿ ಕಟ್ಟಡದ ಒಂದು ಬದಿಗೆ ವಾಹನ ನಿಲುಗಡೆಗಾಗಿ ಸುಮಾರು 4.6 ಮೀಟರ್ ಆಳದ ಗುಂಡಿ ತೋಡಿ, ಮಣ್ಣನ್ನು ಇನ್ನೊಂದು ಬದಿಗೆ ಸುಮಾರು ಹತ್ತು ಮೀಟರ್ ಎತ್ತರಕ್ಕೆ ಗುಡ್ಡೆ ಹಾಕಿದ್ದರು. ಕಟ್ಟಡ ಇಡಿಯಾಗಿ ಗುಂಡಿಯ ಕಡೆಗೆ ಮಗುಚಿಬಿತ್ತು, ಒಬ್ಬ ಕಾರ್ಮಿಕ ಸತ್ತ. ಅದು ಪೈಲ್ ಪಾಯದ ಹೊಸ ಕಟ್ಟಡವಾಗಿತ್ತು.

ಈ ವಿಧಾನಕ್ಕೆ ದೊಡ್ಡ ಮಿತಿ ನೀರು. ಅಂತರ್ಜಲದ ಮಟ್ಟ ಗುಂಡಿಯ ತಳಕ್ಕಿಂತ ಮೇಲಿದ್ದು ಮಣ್ಣು ಮರಳು ಮರಳಾಗಿದ್ದರೆ ಕೈಯಿಂದ ತೋಡುವ ಮಾತೇ ಇಲ್ಲ. ನೀರಿನ ಜೊತೆ ಮರಳೂ ಹರಿದು ಬಂದು ಪಾಯದಡಿ ಪೊಳ್ಳಾಗುತ್ತದೆ. ಜರ್ಮನಿಯ ಕೊಲೋನ್ ನಗರದಲ್ಲಿ ಮೆಟ್ರೊ ಕಾಮಗಾರಿಯ ಆಳದ ಗುಂಡಿಗೆ ಕಾಂಕ್ರೀಟ್ ತಡೆಗೋಡೆ ಕಟ್ಟಿದ್ದರೂ ಆ ಗೋಡೆಯಲ್ಲಿ ಒಂದು ದೋಷ ಉಳಿದಿತ್ತು. ಆ ದಾರಿಯಿಂದ ನೀರೂ ಮರಳೂ ಒಳನುಗ್ಗಿ 2009ರ ಮಾರ್ಚ್ 3ರಂದು ಪಕ್ಕದ ನಗರ ದಾಖಲೆ ಭಂಡಾರ ಕುಸಿಯಿತು. ಇಬ್ಬರು ಸತ್ತರು, ಶತಮಾನಗಳ ದಾಖಲೆಗಳು ಮಣ್ಣು ನೀರಿನಲ್ಲಿ ಹೂತುಹೋದವು. ಅಂಥ ನೆಲದಲ್ಲಿ, ಅಥವಾ ಎರಡು ಮೂರು ಹಂತದ ನೆಲಮಾಳಿಗೆ ಇಳಿಸುವಲ್ಲಿ, ಹಳೆಯ ಪಾಯದ ತಂಟೆಗೆ ಹೋಗದೆ ಗಡಿಯುದ್ದಕ್ಕೂ ಒತ್ತೊತ್ತಾಗಿ ಕಾಂಕ್ರೀಟ್ ಪೈಲ್‌ಗಳನ್ನು ಇಳಿಸಿ, ಆಮೇಲೆ ಅಗೆಯುವುದೇ ಹೆಚ್ಚು ಕ್ಷೇಮ. ಪೈಲ್ ಸಾಲು ಸೈಟಿನಲ್ಲಿ ಎರಡು ಮೂರು ಅಡಿ ಜಾಗ ತಿನ್ನುತ್ತದೆಂದು ಹಲವರು ಹಿಂಜರಿಯುತ್ತಾರೆ.

ಎಷ್ಟೇ ಎಚ್ಚರದಿಂದ ಮಾಡಿದರೂ ಹಳೆಯ ಗೋಡೆ ಐದು ಮಿಲಿಮೀಟರಿನಷ್ಟು ಇಳಿಯುವುದನ್ನು ಎಂಜಿನಿಯರುಗಳು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಒಂದು ಮಿಲಿಮೀಟರಿಗಿಂತ ಸಣ್ಣ ಬಿರುಕು ಸುಣ್ಣ ಬಣ್ಣದಲ್ಲಿ ಮುಚ್ಚಿಹೋಗುವಂಥದು. ಐದು ಮಿಲಿಮೀಟರ್ ದಾಟಿ ಬಾಗಿಲು ಕಿಟಕಿ ಹಿಡಿದುಕೊಳ್ಳತೊಡಗಿದರೆ ಪಾಯ ಕದಲಿದೆ ಎಂದೇ ಅರ್ಥ. ಒಂದು ಬಿರುಕು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಬೆಳೆಯುತ್ತಿದೆಯೇ ಎನ್ನುವುದು ಮುಖ್ಯ. ಅದಕ್ಕಾಗಿ ಬಿರುಕಿನ ಎರಡೂ ಬದಿಗೆ ಗುರುತು ಹಾಕಿ, ಅಂತರ ಅಳೆದು, ತಾರೀಕು ಸಮೇತ ಬರೆದಿಡುತ್ತಾರೆ. ಇಷ್ಟು ಬೆಳೆದರೆ ಅಗೆತ ನಿಲ್ಲಿಸಬೇಕು ಎಂಬ ಮಿತಿಯೂ ಮೊದಲೇ ಗೊತ್ತಾಗಿರಬೇಕು.

ಲಂಡನ್ನಿನಲ್ಲಿ ಹಳೆಯ ಮನೆಗಳ ಕೆಳಗೆ ನೆಲಮಾಳಿಗೆ ತೋಡುವುದು ದೊಡ್ಡ ಅಲೆಯಾಗಿ ಬಂದಿತ್ತು. ಅಲ್ಲಿ ನೆರೆಯವರ ರಕ್ಷಣೆಗೆ 1996ರ ಪಾರ್ಟಿ ವಾಲ್ ಕಾಯ್ದೆ ಇದೆ. ನೆರೆಯ ಕಟ್ಟಡದಿಂದ ಮೂರು ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳವಾಗಿ ಅಗೆಯುವವರು ಕನಿಷ್ಠ ಒಂದು ತಿಂಗಳು ಮೊದಲೇ ನಕ್ಷೆ ಸಹಿತ ನೋಟಿಸ್ ಕೊಡಬೇಕು. ಹದಿನಾಲ್ಕು ದಿನಗಳಲ್ಲಿ ಒಪ್ಪಿಗೆ ಬರದಿದ್ದರೆ ವಿವಾದವಿದೆ ಎಂದೇ ಭಾವಿಸಿ ಸರ್ವೇಯರುಗಳು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಇಷ್ಟು ಬಿಡಿಸಿ ಹೇಳುವ ಕಾಯ್ದೆ ಇಲ್ಲವಾದರೂ ತತ್ವ ಹಳೆಯದೇ. ನೆರೆಯ ನೆಲದಿಂದ ಸಹಜವಾಗಿ ಸಿಗುವ ಆಸರೆ ಪ್ರತಿ ಭೂಮಾಲೀಕನ ಹಕ್ಕು ಎಂದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮು ಹೇಳುತ್ತದೆ. ಕಟ್ಟಡವೊಂದು ಅಂಥ ಆಸರೆಯನ್ನು ಅಡ್ಡಿಯಿಲ್ಲದೆ 20 ವರ್ಷ ಹಕ್ಕಿನಿಂದ ಅನುಭವಿಸಿದ್ದರೆ ಅದನ್ನೂ 15ನೇ ಕಲಮು ಕಾಪಾಡುತ್ತದೆ.

ಪಕ್ಕದ ಸೈಟಿನಲ್ಲಿ ನೆಲಮಾಳಿಗೆ ಬರುತ್ತದೆಂದು ಗೊತ್ತಾದ ಹಳೆಯ ಮನೆಯವರು ಅಗೆತ ಶುರುವಾಗುವ ಮೊದಲು ಮೂರು ಕೆಲಸ ಮಾಡಬೇಕು. ತಮ್ಮ ಪಾಯ ಎಷ್ಟು ಆಳವಿದೆ ಎಂದು ಒಂದು ಪರೀಕ್ಷಾ ಗುಂಡಿ ತೋಡಿಸಿ ಅಳೆಸಬೇಕು. ಎರಡೂ ಕಡೆಯವರ ಎದುರಿನಲ್ಲಿ ಮನೆಯ ಪ್ರತಿ ಗೋಡೆಯ, ಇರುವ ಪ್ರತಿ ಬಿರುಕಿನ ಫೋಟೊ ತೆಗೆಸಿ ಸಹಿ ಹಾಕಿಸಬೇಕು. ಗೋಡೆಯನ್ನು ಎಷ್ಟು ಭಾಗ ಮಾಡಿ, ಯಾವ ಕ್ರಮದಲ್ಲಿ ಅಗೆಯುತ್ತಾರೆ ಎಂಬ ಸಂಖ್ಯೆ ಹಾಕಿದ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯೊಂದಿಗೆ ಕೇಳಿ ಪಡೆಯಬೇಕು. ಆ ನಕ್ಷೆ ಇಲ್ಲದೆ ಗೋಡೆಯ ಬುಡಕ್ಕೆ ಜೆಸಿಬಿ ಬಂದರೆ ಅದೇ ದಿನ ಲಿಖಿತ ದೂರು ಕೊಟ್ಟು ಕೆಲಸ ನಿಲ್ಲಿಸಲು ಕೇಳಬೇಕು.