ಉಷ್ಣ ಹರಿದಾಗ ಒಟ್ಟು ಎಂಟ್ರೊಪಿ ಏಕೆ ಹೆಚ್ಚುತ್ತದೆ?

ಬಿಸಿ ವಸ್ತುವೊಂದನ್ನು ತಣ್ಣನೆಯ ವಸ್ತುವಿಗೆ ತಾಗಿಸಿಟ್ಟರೆ ಉಷ್ಣವು ಬಿಸಿಯದರಿಂದ ತಣ್ಣನೆಯದಕ್ಕೆ ಹರಿಯುತ್ತದೆ. ತಾನಾಗಿಯೇ ಅದು ಹಿಮ್ಮುಖವಾಗಿ ಹರಿಯುವುದಿಲ್ಲ. ಶಕ್ತಿ ಸಂರಕ್ಷಣೆಯ ನಿಯಮ ಮಾತ್ರ ಗೊತ್ತಿದ್ದರೆ ಇದಕ್ಕೆ ಕಾರಣ ಸಿಗುವುದಿಲ್ಲ. ಒಂದು ವಸ್ತು ಕಳೆದುಕೊಂಡಷ್ಟನ್ನೇ ಇನ್ನೊಂದು ಪಡೆದರೆ ಆ ನಿಯಮಕ್ಕೆ ಸಾಕು. ಕಳೆದುಕೊಂಡದ್ದು ಯಾವುದು, ಪಡೆದದ್ದು ಯಾವುದು ಎಂಬುದು ಅದಕ್ಕೆ ಬೇಕಿಲ್ಲ. ಹರಿವಿನ ದಿಕ್ಕನ್ನು ನಿರ್ಧರಿಸುವುದು ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ. ಜರ್ಮನಿಯ ಭೌತವಿಜ್ಞಾನಿ ರುಡಾಲ್ಫ್ ಕ್ಲೌಸಿಯಸ್ 1850ರಲ್ಲಿ ಈ ನಿಯಮದತ್ತ ಕೈಹಾಕಿದರು. ಅದನ್ನು ಅಂಕಿಗಳಲ್ಲಿ ಹಿಡಿದಿಡುವ ಪರಿಮಾಣಕ್ಕೆ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟರು.

ಎಂಟ್ರೊಪಿಯ ಬದಲಾವಣೆಯನ್ನು ಲೆಕ್ಕ ಹಾಕುವ ವಿಧಾನ ಸರಳ. ವಸ್ತುವಿಗೆ ಸೇರಿದ ಅಥವಾ ಅದರಿಂದ ಹೊರಟ ಉಷ್ಣವನ್ನು, ಆ ಕ್ಷಣದಲ್ಲಿ ವಸ್ತುವಿಗಿರುವ ತಾಪಮಾನದಿಂದ ಭಾಗಿಸಬೇಕು. ಉಷ್ಣ ಸೇರಿದರೆ ಎಂಟ್ರೊಪಿ ಹೆಚ್ಚುತ್ತದೆ, ಹೊರಟರೆ ಕಡಿಮೆಯಾಗುತ್ತದೆ. ತಾಪಮಾನವನ್ನು ಸೆಲ್ಸಿಯಸ್‌ನಲ್ಲಿ ಅಲ್ಲ, ಕೆಲ್ವಿನ್‌ನಲ್ಲೇ ತೆಗೆದುಕೊಳ್ಳಬೇಕು. ಸೆಲ್ಸಿಯಸ್‌ನ ಸೊನ್ನೆ ಎಂದರೆ ನೀರು ಹೆಪ್ಪುಗಟ್ಟುವ ಬಿಂದು ಅಷ್ಟೆ. ಅದರಿಂದ ಭಾಗಿಸಿದರೆ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಸೆಲ್ಸಿಯಸ್ ಅಂಕಿಗೆ 273.15 ಕೂಡಿಸಿದರೆ ಕೆಲ್ವಿನ್ ಸಿಗುತ್ತದೆ. ಉಷ್ಣವನ್ನು ಜೂಲ್‌ಗಳಲ್ಲಿ ಅಳೆಯುವುದರಿಂದ ಎಂಟ್ರೊಪಿಯ ಏಕಮಾನ ಜೂಲ್/ಕೆಲ್ವಿನ್.

ಒಂದು ಪೆಟ್ಟಿಗೆಯನ್ನು ತೆಳುವಾದ ಗಾಜಿನ ಗೋಡೆಯಿಂದ ಎರಡು ಭಾಗ ಮಾಡಲಾಗಿದೆ ಎಂದುಕೊಳ್ಳಬಹುದು. ಒಂದು ಭಾಗದಲ್ಲಿ 80 ಡಿಗ್ರಿ ಸೆಲ್ಸಿಯಸ್‌ನ 1 ಕಿಲೋಗ್ರಾಂ ನೀರು, ಇನ್ನೊಂದರಲ್ಲಿ 20 ಡಿಗ್ರಿಯ 1 ಕಿಲೋಗ್ರಾಂ ನೀರು ಇದೆ. ಪೆಟ್ಟಿಗೆಯಿಂದ ಉಷ್ಣ ಹೊರಗೆ ಸೋರುವುದಿಲ್ಲ, ಒಳಗೂ ಬರುವುದಿಲ್ಲ. ಮೊದಲ 1000 ಜೂಲ್ ಉಷ್ಣ ಗಾಜನ್ನು ದಾಟಿದಾಗ ಎರಡೂ ಕಡೆಯ ತಾಪಮಾನ ಕಾಲು ಡಿಗ್ರಿಯಷ್ಟೂ ಬದಲಾಗುವುದಿಲ್ಲ. ಹಾಗಾಗಿ ಸದ್ಯಕ್ಕೆ ಅವು ಸ್ಥಿರವೆಂದೇ ಹಿಡಿಯಬಹುದು.

ಬಿಸಿ ನೀರಿನ ತಾಪಮಾನ 353.15 ಕೆಲ್ವಿನ್. ಅದು ಕಳೆದುಕೊಂಡ ಎಂಟ್ರೊಪಿ 1000 ÷ 353.15, ಅಂದರೆ 2.83 ಜೂಲ್/ಕೆಲ್ವಿನ್. ತಣ್ಣೀರಿನ ತಾಪಮಾನ 293.15 ಕೆಲ್ವಿನ್. ಅದು ಗಳಿಸಿದ್ದು 1000 ÷ 293.15, ಅಂದರೆ 3.41 ಜೂಲ್/ಕೆಲ್ವಿನ್. ಹೋದದ್ದು 2.83, ಬಂದದ್ದು 3.41, ಒಟ್ಟು ಎಂಟ್ರೊಪಿ 0.58 ಹೆಚ್ಚಿತು. ಇಡೀ ವಿಷಯದ ತಿರುಳು ಇಲ್ಲಿದೆ. ಎರಡೂ ಕಡೆ ಭಾಗಿಸಿದ್ದು ಅದೇ 1000 ಜೂಲ್ ಅನ್ನು. ಆದರೆ ಉಷ್ಣ ಪಡೆದ ಕಡೆ ತಾಪಮಾನ ಕಡಿಮೆ ಇರುವುದರಿಂದ ಅಲ್ಲಿ ಭಾಗಲಬ್ಧ ದೊಡ್ಡದು. ಅದೇ 1000 ಜೂಲ್ ತಣ್ಣೀರಿನಿಂದ ಬಿಸಿ ನೀರಿಗೆ ಹರಿದಿದ್ದರೆ ಶಕ್ತಿಯ ಲೆಕ್ಕ ಆಗಲೂ ಸರಿಹೋಗುತ್ತಿತ್ತು. ಒಟ್ಟು ಎಂಟ್ರೊಪಿ ಮಾತ್ರ 0.58 ಕಡಿಮೆಯಾಗುತ್ತಿತ್ತು. ಎರಡನೆಯ ನಿಯಮ ತಡೆಯುವುದು ಇದನ್ನೇ. ಬಿಸಿ ನೀರಿನ ಎಂಟ್ರೊಪಿ ಇಳಿದದ್ದು ನಿಯಮಕ್ಕೆ ವಿರುದ್ಧವಲ್ಲ. ನಿಯಮ ಹೇಳುವುದು ಪೆಟ್ಟಿಗೆಯ ಒಟ್ಟು ಮೊತ್ತದ ಬಗ್ಗೆ.

ಹೆಚ್ಚುವರಿಯಾದ ಆ 0.58 ಹುಟ್ಟಿದ್ದೆಲ್ಲಿ? ಎರಡೂ ಕಡೆಯ ನೀರನ್ನು ಚೆನ್ನಾಗಿ ಕದಡುತ್ತಿದ್ದರೆ ಆಯಾ ಭಾಗದೊಳಗೆ ತಾಪಮಾನ ಒಂದೇ ಸಮನಾಗಿರುತ್ತದೆ. ತಾಪಮಾನ ಇಳಿಯುವುದು ಗಾಜಿನಲ್ಲಿ ಮತ್ತು ಗಾಜಿಗೆ ಅಂಟಿಕೊಂಡ ನೀರಿನ ತೆಳು ಪದರಗಳಲ್ಲಿ. ಹೊಸ ಎಂಟ್ರೊಪಿ ಉಂಟಾಗುವುದೂ ಅಲ್ಲೇ. ಶಕ್ತಿಯಂತೆ ಎಂಟ್ರೊಪಿ ಬರೀ ಸ್ಥಳ ಬದಲಿಸುವುದಲ್ಲ. ತಾಪಮಾನದ ವ್ಯತ್ಯಾಸವಿರುವಲ್ಲಿ ಉಷ್ಣ ಹರಿಯುತ್ತಲೇ ಅದು ಹೊಸದಾಗಿ ಸೃಷ್ಟಿಯಾಗುತ್ತದೆ.

ಹರಿವು ಮುಂದುವರಿದಂತೆ ಈ ಸೃಷ್ಟಿ ಕುಗ್ಗುತ್ತದೆ. ಬಿಸಿ ನೀರು 60 ಡಿಗ್ರಿಗೆ ಇಳಿದು ತಣ್ಣೀರು 40ಕ್ಕೆ ಏರಿದಾಗ ದಾಟುವ 1000 ಜೂಲ್‌ನಿಂದ ಹೆಚ್ಚುವುದು 0.19 ಮಾತ್ರ. 51 ಮತ್ತು 49 ಡಿಗ್ರಿಗಳಿಗೆ ಬಂದಾಗ 0.02. ಎರಡೂ 50 ಡಿಗ್ರಿ ಮುಟ್ಟಿದಾಗ ಎರಡು ಭಾಗಲಬ್ಧಗಳೂ ಸಮನಾಗುತ್ತವೆ. ಆಮೇಲೆ ಉಷ್ಣ ಯಾವ ಕಡೆ ಹರಿದರೂ ಒಟ್ಟು ಎಂಟ್ರೊಪಿ ಹೆಚ್ಚುವುದಿಲ್ಲ, ಆದ್ದರಿಂದ ಹರಿವು ನಿಲ್ಲುತ್ತದೆ. ಸಮತೋಲ ಸ್ಥಿತಿ ಎಂದರೆ ಇದೇ.

ಮೊದಲಿನಿಂದ ಕೊನೆಯವರೆಗಿನ ಮೊತ್ತವನ್ನೂ ತೆಗೆಯಬಹುದು. 1 ಕಿಲೋಗ್ರಾಂ ನೀರಿನ ತಾಪಮಾನ 1 ಡಿಗ್ರಿ ಬದಲಾಗಲು ಸುಮಾರು 4186 ಜೂಲ್ ಬೇಕು. 30 ಡಿಗ್ರಿಗೆ 1,25,580 ಜೂಲ್. ತಾಪಮಾನ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಕರಾರುವಾಕ್ಕಾದ ಲೆಕ್ಕಕ್ಕೆ ಲಾಗರಿದಮ್ ಬೇಕು. ಆದರೆ ಸರಾಸರಿ ತಾಪಮಾನದಿಂದ ಭಾಗಿಸಿದರೂ ಉತ್ತರ ತೀರ ಹತ್ತಿರ ಬರುತ್ತದೆ. ಬಿಸಿ ನೀರಿನ ಸರಾಸರಿ 65 ಡಿಗ್ರಿ, ಅಂದರೆ 338.15 ಕೆಲ್ವಿನ್, ಅದು ಕಳೆದುಕೊಳ್ಳುವುದು ಸುಮಾರು 371. ತಣ್ಣೀರಿನ ಸರಾಸರಿ 35 ಡಿಗ್ರಿ, ಅಂದರೆ 308.15 ಕೆಲ್ವಿನ್, ಅದು ಗಳಿಸುವುದು ಸುಮಾರು 407.5. ಒಟ್ಟು ಏರಿಕೆ 36 ಜೂಲ್/ಕೆಲ್ವಿನ್. ಲಾಗರಿದಮ್ ಬಳಸಿದರೆ 36.2 ಬರುತ್ತದೆ. ಎರಡಕ್ಕೂ 50 ಡಿಗ್ರಿಯನ್ನೇ ಹಾಕಿ ಭಾಗಿಸುವ ತಪ್ಪು ಮಾಡಿದರೆ ಏರಿಕೆ ಸೊನ್ನೆ ಎಂದು ಕಾಣುತ್ತದೆ. ತಾಪಮಾನದ ವ್ಯತ್ಯಾಸವನ್ನೇ ಅಳಿಸಿಹಾಕಿದ ಲೆಕ್ಕ ಅದು.

ಈ 36.2 ಎಂಬುದು ಏನನ್ನು ಸೂಚಿಸುತ್ತದೆ? ಗಾಜಿನ ಗೋಡೆಯ ಬದಲು ಎರಡು ಭಾಗಗಳ ನಡುವೆ ಆದರ್ಶ ಉಷ್ಣಯಂತ್ರವೊಂದನ್ನು ಇಟ್ಟಿದ್ದರೆ, ಅದು ಉಷ್ಣದ ಒಂದು ಅಂಶವನ್ನು ಕೆಲಸವಾಗಿ ಮಾರ್ಪಡಿಸುತ್ತಿತ್ತು. ಅಂಥ ಯಂತ್ರದಲ್ಲಿ ಒಟ್ಟು ಎಂಟ್ರೊಪಿ ಒಂದಿಷ್ಟೂ ಏರುವುದಿಲ್ಲ. ಪ್ರಕ್ರಿಯೆಯನ್ನು ಪೂರ್ತಿಯಾಗಿ ಹಿಂತಿರುಗಿಸಬಹುದು. ಕೊನೆಗೆ ನೀರು 50ರ ಬದಲು 48.6 ಡಿಗ್ರಿಗೆ ಬಂದು ನಿಲ್ಲುತ್ತಿತ್ತು ಮತ್ತು ಸುಮಾರು 11,680 ಜೂಲ್ ಕೆಲಸ ಕೈಗೆ ಬರುತ್ತಿತ್ತು. 60 ಕಿಲೋಗ್ರಾಂ ಭಾರವನ್ನು ಸುಮಾರು 20 ಮೀಟರ್ ಎತ್ತಲು ಅಷ್ಟು ಸಾಕು. ಗಾಜಿನ ಮೂಲಕ ಉಷ್ಣ ಸುಮ್ಮನೆ ಹರಿದಾಗ ಆ ಶಕ್ತಿ ನಾಶವಾಗಲಿಲ್ಲ. 50 ಡಿಗ್ರಿಯ ನೀರಿನಲ್ಲೇ ಉಳಿಯಿತು. ಆದರೆ ಅದನ್ನು ಕೆಲಸವಾಗಿ ಪಡೆಯುವ ಅವಕಾಶ ಹೋಯಿತು. 36.2 ಅನ್ನು ಅಂತಿಮ ತಾಪಮಾನವಾದ ಸುಮಾರು 322 ಕೆಲ್ವಿನ್‌ನಿಂದ ಗುಣಿಸಿದರೆ ಸರಿಸುಮಾರು ಅದೇ 11,680 ಬರುತ್ತದೆ. ಎಂಟ್ರೊಪಿಯ ಏರಿಕೆ ಹೀಗೆ ಕಳೆದುಹೋದ ಕೆಲಸದ ಅಳತೆ.

ತಣ್ಣನೆಯ ವಸ್ತುವಿನಲ್ಲಿ ಅದೇ ಉಷ್ಣಕ್ಕೆ ಹೆಚ್ಚು ಪರಿಣಾಮ ಏಕೆ ಎಂಬುದಕ್ಕೆ ಅಣುಗಳ ಮಟ್ಟದಲ್ಲಿ ಉತ್ತರ ಕೊಟ್ಟವರು ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್. ಅಣುಗಳು ತಮ್ಮೊಳಗೆ ಶಕ್ತಿಯನ್ನು ಎಷ್ಟು ಬಗೆಯಲ್ಲಿ ಹಂಚಿಕೊಳ್ಳಬಹುದೋ ಆ ಸಂಖ್ಯೆಯನ್ನು ಎಂಟ್ರೊಪಿ ಸೂಚಿಸುತ್ತದೆ. ಶಕ್ತಿ ಕಡಿಮೆಯಿರುವಲ್ಲಿ ಹೊಸದಾಗಿ 1000 ಜೂಲ್ ಸೇರಿದರೆ ಹಂಚಿಕೆಯ ಬಗೆಗಳು ಹೆಚ್ಚು ಪಟ್ಟು ಬೆಳೆಯುತ್ತವೆ. ಈಗಾಗಲೇ ಶಕ್ತಿ ತುಂಬಿದ ಬಿಸಿ ನೀರಿನಿಂದ ಅಷ್ಟೇ ಹೊರಟಾಗ ಅವು ಕಡಿಮೆ ಪಟ್ಟು ಕುಗ್ಗುತ್ತವೆ. 0.58ರ ಏರಿಕೆ ಎಂದರೆ ಇಡೀ ಪೆಟ್ಟಿಗೆಯಲ್ಲಿ ಆ ಬಗೆಗಳು ಎಷ್ಟೋ ಪಟ್ಟು ಹೆಚ್ಚಿದವು ಎಂದರ್ಥ. ಎಷ್ಟು ಪಟ್ಟು ಎಂಬುದನ್ನು ಬರೆಯಲು 1ರ ಮುಂದೆ ಸುಮಾರು 18 ಕೋಟಿ ಕೋಟಿ ಕೋಟಿ ಸೊನ್ನೆಗಳು ಬೇಕು. ಹಿಮ್ಮುಖ ಹರಿವನ್ನು ಯಾರೂ ಕಂಡಿಲ್ಲದಿರುವುದಕ್ಕೆ ಕಾರಣ ಈ ಸಂಖ್ಯೆಯೇ.

ತಣ್ಣನೆಯದರಿಂದ ಬಿಸಿಯದಕ್ಕೆ ಉಷ್ಣವನ್ನು ಸಾಗಿಸುವ ಯಂತ್ರಗಳೂ ಇದೇ ಲೆಕ್ಕಕ್ಕೆ ಬದ್ಧ. ರೆಫ್ರಿಜರೇಟರ್ ಮಾಡುವುದು ಅದನ್ನೇ, ಆದರೆ ಹೊರಗಿನಿಂದ ಕೆಲಸ ಪಡೆದು. 20 ಡಿಗ್ರಿಯ ನೀರಿನಿಂದ 1000 ಜೂಲ್ ತೆಗೆದರೆ 3.41 ಎಂಟ್ರೊಪಿ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು 80 ಡಿಗ್ರಿಯ ನೀರಿಗೆ ಕನಿಷ್ಠ 3.41 ಸೇರಬೇಕು, ಅಂದರೆ ಸುಮಾರು 1205 ಜೂಲ್ ಉಷ್ಣ. ಹೆಚ್ಚುವರಿ 205 ಜೂಲ್ ಅನ್ನು ಯಂತ್ರಕ್ಕೆ ಕೆಲಸದ ರೂಪದಲ್ಲಿ ಕೊಡಲೇಬೇಕು. ನಿಜವಾದ ಯಂತ್ರಗಳಲ್ಲಿ ಘರ್ಷಣೆಯಿಂದಲೂ ತಾಪಮಾನದ ವ್ಯತ್ಯಾಸಗಳಿಂದಲೂ ಎಂಟ್ರೊಪಿ ಹುಟ್ಟುತ್ತಿರುವುದರಿಂದ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ.