ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ?

ಮುಟ್ಟು ನಿಂತು ವರ್ಷ ದಾಟಿದೆ.
ಇವತ್ತು ಸೀರೆ ಮೇಲೆ ಕಲೆ.
"ಮತ್ತೆ ಹೊರಗಾದೆ" ಅಂತ ಸುಮ್ಮನಿರಬಹುದಾ?

ಬಸವಕಲ್ಯಾಣ, ಹುಮನಾಬಾದಿನ ಅವ್ವಂದಿರೇ, ಅಕ್ಕಂದಿರೇ,
ಮಳೆಗಾಲ ಮುಗಿದ ಮೇಲೆ ಮಾಳಿಗೆ ಸೋರಿದರೆ
ಹತ್ತಿ ನೋಡ್ತೀರಲ್ಲ?
ಇದೂ ಹಾಗೇ.

ಒಂದೇ ಹನಿ ಇರಲಿ, ನೋವೇ ಇಲ್ಲದಿರಲಿ,
ತಾನಾಗೇ ನಿಂತಿರಲಿ,
ಅದೇ ವಾರ ಹೆರಿಗೆ ಡಾಕ್ಟರಿಗೆ ತೋರಿಸಿ.
ಈ ವಯಸ್ಸಲ್ಲಿ ಹೆರಿಗೆ ಡಾಕ್ಟರಾ?
ಹೌದು, ಅವರೇ.

ಹೆಚ್ಚಿನವರಿಗೆ ಕಾರಣ ಸಣ್ಣದು:
ಒಣಗಿ ತೆಳುವಾದ ಒಳಪದರ, ಇಲ್ಲ ಪುಟ್ಟ ಗಡ್ಡೆ.
ಆದರೆ ಹತ್ತರಲ್ಲಿ ಸುಮಾರು ಒಬ್ಬರಿಗೆ
ಗರ್ಭಕೋಶದ ಕ್ಯಾನ್ಸರ್.

ಮೊದಲು ಡಾಕ್ಟರ್ ಗರ್ಭಕೋಶದ ಬಾಯಿ ನೋಡ್ತಾರೆ.
ಆಮೇಲೆ ಸ್ಕ್ಯಾನ್.
ಗರ್ಭಕೋಶದ ಒಳಪದರ 4 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ನಿರಾಳ.
ದಪ್ಪ ಇದ್ದರೆ, ಅಥವಾ ರಕ್ತ ಮತ್ತೆ ಬಂದರೆ,
ಚೂರು ತೆಗೆದು ಬಯಾಪ್ಸಿ.

ಕ್ಯಾನ್ಸರ್ ಆದರೂ ಬೇಗ ಸಿಕ್ಕರೆ
ಎಷ್ಟೋ ಜನರಿಗೆ ಆಪರೇಷನ್‌ನಲ್ಲೇ ಗುಣ.