ಮುಖ್ಯ ಶಿಕ್ಷಕರ ಬಡ್ತಿ: ಒಪ್ಪುವ ಮುನ್ನ ನೋಡಬೇಕಾದ್ದು

ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಮೇಲೆ ಬಂದು ಬಡ್ತಿ ಕೌನ್ಸೆಲಿಂಗ್‌ಗೆ ಕರೆ ಬಂತೆಂದರೆ, ಸರ್ಕಾರಿ ಪ್ರಾಥಮಿಕ ಶಾಲೆಯ ಸ್ಟಾಫ್ ರೂಮಿನಲ್ಲಿ ಅಭಿನಂದನೆಗಿಂತ ಮೊದಲು ಕೇಳಿಬರುವ ಮಾತು ಇದು: ‘ತಗೋತೀರಾ, ಬಿಡ್ತೀರಾ ಮೇಡಂ?’ ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಮುಖ್ಯ ಶಿಕ್ಷಕರ ಕುರ್ಚಿ ಎಂದರೆ ಗೌರವದ ಜೊತೆಗೆ ಭಯವೂ ಹೌದು. ಆ ಕೆಲಸ ತನಗೆ ಒಗ್ಗುವುದಿಲ್ಲ ಎಂಬ ಅನುಮಾನ ಹಲವರಿಗಿದೆ. ಕೆಲವರು ಆ ಅನುಮಾನದ ಮೇಲೆಯೇ ನಿರಾಕರಣೆ ಪತ್ರ ಬರೆದುಕೊಡುತ್ತಾರೆ. ಇನ್ನು ಕೆಲವರು ಮನೆಯವರು, ನೆಂಟರಿಷ್ಟರು ಏನಂದಾರು ಎಂದುಕೊಂಡು ಒಪ್ಪಿಬಿಡುತ್ತಾರೆ. ಎರಡೂ ಕಡೆ ಆಗುವ ತಪ್ಪು ಒಂದೇ: ಇಷ್ಟವಾಗದ್ದು ನಿರ್ದಿಷ್ಟವಾಗಿ ಯಾವುದು ಎಂದು ಯಾರೂ ಬಿಡಿಸಿ ನೋಡಿರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಐವತ್ತೆರಡು ವರ್ಷದ ಒಬ್ಬ ಶಿಕ್ಷಕಿ. ಆರು, ಏಳನೇ ತರಗತಿಗೆ ಗಣಿತ ಹೇಳುವುದರಲ್ಲಿ ಅವರಿಗೆ ನಿಜವಾದ ಸಂತೋಷ. ಕೌನ್ಸೆಲಿಂಗ್‌ನಲ್ಲಿ ಅವರ ಮುಂದಿರುವುದು ಒಂದರಿಂದ ಏಳನೇ ತರಗತಿವರೆಗೆ 120 ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರಲ್ಲಿ 70, ಆರು ಏಳರಲ್ಲಿ 50 ಮಕ್ಕಳು. ‘ನನಗೆ ಲೆಕ್ಕ ಬರೆಯುವುದು, ರಗಳೆ ಮಾಡುವುದು ಆಗಲ್ಲ’ ಎನ್ನುವುದು ಅವರ ಮಾತು. ಅಲ್ಲಿನ ಲೆಕ್ಕ ಎಂದರೆ ಏನು?

ಬಿಸಿಯೂಟವನ್ನೇ ತೆಗೆದುಕೊಳ್ಳಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರನೇ ತರಗತಿಯಿಂದ ಮೇಲೆ 150 ಗ್ರಾಂ. ಎಲ್ಲರೂ ಬಂದ ದಿನ 7 ಕಿಲೋ, 7.5 ಕಿಲೋ ಸೇರಿ 14.5 ಕಿಲೋ ಅಕ್ಕಿ. ಇವತ್ತು ಚಿಕ್ಕವರು 64, ದೊಡ್ಡವರು 46 ಮಂದಿ ಬಂದಿದ್ದಾರೆ ಎನ್ನಿ. ಆಗ ಬೇಕಾದದ್ದು 13.3 ಕಿಲೋ. ಹಾಜರಿ ಸಂಖ್ಯೆ ಅಡುಗೆಮನೆಗೆ ತಲುಪುವ ಮೊದಲೇ ಅಡುಗೆಯವರು ಎಂದಿನಂತೆ 14.5 ಕಿಲೋ ಅಕ್ಕಿ ತೊಳೆದಿದ್ದರೆ, ಪುಸ್ತಕಕ್ಕೂ ಮೂಟೆಗೂ 1.2 ಕಿಲೋ ವ್ಯತ್ಯಾಸ. ಹೀಗೆಯೇ 24 ದಿನ ನಡೆದರೆ 28.8 ಕಿಲೋ, ಅಂದರೆ 50 ಕಿಲೋ ಮೂಟೆಯ ಅರ್ಧಕ್ಕಿಂತ ಹೆಚ್ಚು. ಪರಿಶೀಲನೆಗೆ ಬಂದ ಅಧಿಕಾರಿ ದಾಸ್ತಾನು ಪುಸ್ತಕ ತೆರೆದು ಮೂಟೆ ಎಣಿಸಿದಾಗ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು. ಒಂದು ಕಾಳನ್ನೂ ಯಾರೂ ಮನೆಗೆ ಒಯ್ದಿರುವುದಿಲ್ಲ. ಆದರೂ ಕಾರಣ ಕೇಳಿ ನೋಟಿಸು ಬರಬಹುದು.

ಇದರ ಜೊತೆಗೆ ಹಾಲಿನ ಪುಡಿಯ ಲೆಕ್ಕ, ಎಸ್‌ಡಿಎಂಸಿ ಸಭೆಯ ನಡಾವಳಿ, ಅನುದಾನದ ಓಚರು, ಆನ್‌ಲೈನ್‌ನಲ್ಲಿ ಮಕ್ಕಳ ದಾಖಲೆ, ಸಂಜೆಯೊಳಗೆ ಮಾಹಿತಿ ಕಳುಹಿಸಿ ಎಂಬ ವಾಟ್ಸ್ಆ್ಯಪ್ ಸಂದೇಶ. ಶಿಕ್ಷಕಿಯ ಭಯಕ್ಕೆ ಆಧಾರವಿದೆ. ಆದರೆ ಇವುಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆದು ನೋಡಿದರೆ ಮೂರು ಬಗೆ ಕಾಣುತ್ತವೆ. ಅಕ್ಕಿಯ ಲೆಕ್ಕದಂಥದ್ದು ಕಲಿತರೆ ಬರುತ್ತದೆ: ಹತ್ತೂವರೆಗೆ ಹಾಜರಿ ಸಂಖ್ಯೆ ಅಡುಗೆಮನೆಯ ಗೋಡೆಯ ಮೇಲೆ ಬರೆಯಬೇಕು, ಅಕ್ಕಿ ತೂಗಿಯೇ ತೊಳೆಯಬೇಕು, ಅದೇ ದಿನ ಪುಸ್ತಕಕ್ಕೆ ಹಾಕಬೇಕು ಎಂಬ ಶಿಸ್ತು ತಂದರೆ ಮುಕ್ಕಾಲು ಪಾಲು ತಾಪತ್ರಯ ತಪ್ಪುತ್ತದೆ. ಎರಡನೆಯ ಬಗೆ ಸ್ವಭಾವಕ್ಕೆ ಸಂಬಂಧಿಸಿದ್ದು: ತಡವಾಗಿ ಬರುವ ಸಹೋದ್ಯೋಗಿಗೆ ಹೇಳುವುದು, ಎಸ್‌ಡಿಎಂಸಿಯಲ್ಲಿ ಎರಡು ಗುಂಪಿನ ನಡುವೆ ನಿಲ್ಲುವುದು. ಇದು ವರ್ಷಗಳು ಕಳೆದರೂ ಕೆಲವರಿಗೆ ಹಗುರವಾಗುವುದಿಲ್ಲ. ಮೂರನೆಯದು ಕಳೆದುಕೊಳ್ಳುವುದು: ಈ ಶಿಕ್ಷಕಿಗೆ ಅದು ಗಣಿತದ ತರಗತಿ. ನಿರ್ಧಾರಕ್ಕೆ ಮುಖ್ಯವಾಗಬೇಕಾದ್ದು ಎರಡನೆಯದು ಮತ್ತು ಮೂರನೆಯದು. ಆದರೆ ಎಲ್ಲರ ಮಾತಿನಲ್ಲಿ ಕೇಳಿಬರುವುದು ಬರೀ ಮೊದಲನೆಯದು.

ತರಗತಿ ಕೈತಪ್ಪುತ್ತದೆಯೇ ಎನ್ನುವುದು ಬಹುಮಟ್ಟಿಗೆ ಹುದ್ದೆಗಿಂತ ಶಾಲೆಯ ಮೇಲೆ ನಿಂತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದರಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಶಿಕ್ಷಕರ ಜೊತೆಗೆ ಪ್ರತ್ಯೇಕ ಮುಖ್ಯ ಶಿಕ್ಷಕರು, ಆರರಿಂದ ಎಂಟರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಇರಬೇಕು. ನಮ್ಮ ಉದಾಹರಣೆಯ ಶಾಲೆ ಈ ಎರಡೂ ಮಿತಿಗಿಂತ ಕೆಳಗಿದೆ. ಅಂದರೆ ಅಲ್ಲಿ ಮುಖ್ಯ ಶಿಕ್ಷಕಿಯೂ ಪಾಠ ಮಾಡಲೇಬೇಕಾಗುತ್ತದೆ, ಗಣಿತ ಉಳಿಯುತ್ತದೆ. ಇದು ಸಮಾಧಾನವೂ ಹೌದು, ಎಚ್ಚರಿಕೆಯೂ ಹೌದು: ಬ್ಲಾಕ್ ಕಚೇರಿಯ ಸಭೆಗೆ ಹೋದ ದಿನ ಆ ತರಗತಿ ಯಾರ ಕೈಗೆ? ಐವರು ಶಿಕ್ಷಕರಿದ್ದರೆ ಹೇಗೋ ಸರಿಹೋಗುತ್ತದೆ, ಮೂವರಿದ್ದರೆ ಪಾಠ ಪ್ರತಿವಾರ ನಿಲ್ಲುತ್ತದೆ. ಆದ್ದರಿಂದ ಖಾಲಿ ಹುದ್ದೆಗಳ ಪಟ್ಟಿ ಕೈಗೆ ಸಿಕ್ಕ ದಿನವೇ ಪ್ರತಿ ಶಾಲೆಯ ಎದುರು ಮಕ್ಕಳ ಸಂಖ್ಯೆ, ಕೆಲಸದಲ್ಲಿರುವ ಶಿಕ್ಷಕರ ಸಂಖ್ಯೆ, ಮನೆಯಿಂದ ಎಷ್ಟು ದೂರ ಎಂದು ಬರೆದುಕೊಳ್ಳಬೇಕು. ಸಿಆರ್‌ಪಿಗೆ ಒಂದು ಫೋನ್ ಮಾಡಿದರೆ ಎಸ್‌ಡಿಎಂಸಿ ಹೇಗಿದೆ, ಹಿಂದಿನವರು ಲೆಕ್ಕ ಪೂರ್ತಿ ವಹಿಸಿಕೊಟ್ಟು ಹೋಗಿದ್ದಾರೆಯೇ ಎನ್ನುವುದೂ ತಿಳಿಯುತ್ತದೆ. ಬಾಕಿ ಉಳಿದ ಲೆಕ್ಕದ ಶಾಲೆಯನ್ನು ಮೊದಲ ಬಡ್ತಿಯಲ್ಲೇ ತೆಗೆದುಕೊಳ್ಳುವುದು ಒಳ್ಳೆಯದಲ್ಲ.

ಸ್ವಭಾವದ ಪ್ರಶ್ನೆಗೆ ಪರೀಕ್ಷೆ ಉಂಟು. ಮುಖ್ಯ ಶಿಕ್ಷಕರು ರಜೆ ಹಾಕಿದಾಗ ಪ್ರಭಾರ ವಹಿಸಿಕೊಳ್ಳುವುದೇ ಆ ಪರೀಕ್ಷೆ. ಹದಿನೈದು ದಿನ ಪ್ರಭಾರದಲ್ಲಿದ್ದು ಸಂಜೆ ಮನೆಗೆ ಬಂದಾಗ ದಣಿವು ಎಲ್ಲಿಂದ ಬಂತು ಎಂದು ಗಮನಿಸಿದರೆ ಸಾಕು. ಬರವಣಿಗೆಯಿಂದ ಬಂದ ದಣಿವು ಕೆಲಸ ರೂಢಿಯಾದಂತೆ ಇಳಿಯುತ್ತದೆ. ಜನರೊಂದಿಗಿನ ಜಗ್ಗಾಟದಿಂದ ರಾತ್ರಿ ನಿದ್ದೆ ಕೆಟ್ಟರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಲ್ಲಿ ಇನ್ನೊಂದು ಮಾತು ಮರೆಯಬಾರದು. ಮುಖ್ಯ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಪ್ರಭಾರ ಸಾಮಾನ್ಯವಾಗಿ ಹಿರಿಯ ಶಿಕ್ಷಕರ ಹೆಗಲಿಗೇ ಬೀಳುತ್ತದೆ. ಬಡ್ತಿ ಬಿಟ್ಟವರು ಅಂಥ ಶಾಲೆಯಲ್ಲಿ ಹಿರಿಯರಾಗಿದ್ದರೆ, ಹುದ್ದೆಯಿಲ್ಲದೆ ಅದೇ ಕೆಲಸವನ್ನು ಮಾಡಬೇಕಾಗಿ ಬರುವುದುಂಟು. ಬಿಟ್ಟರೆ ನಿಜವಾಗಿಯೂ ತಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಕೊನೆಗೆ ಹಣ. ಹತ್ತು, ಹದಿನೈದು ವರ್ಷದ ಕಾಲಬದ್ಧ ಬಡ್ತಿಗಳನ್ನು ಆಗಲೇ ಪಡೆದವರಿಗೆ ಈ ಬಡ್ತಿಯಿಂದ ಸಿಗುವ ಹೆಚ್ಚಳ ಅನೇಕರು ಅಂದುಕೊಂಡಷ್ಟು ಇರುವುದಿಲ್ಲ. ಆದರೆ ನಿರಾಕರಿಸಿದರೆ ಮುಂದಿನ ಕಾಲಮಿತಿ ಸೌಲಭ್ಯಗಳಿಗೆ ಪೆಟ್ಟು ಬೀಳಬಹುದು. ಬಿಇಒ ಕಚೇರಿಯ ವಿಷಯ ನಿರ್ವಾಹಕರ ಬಳಿ ಒಪ್ಪಿದರೆ ಎಷ್ಟು, ಬಿಟ್ಟರೆ ಎಷ್ಟು ಎಂದು ನಿವೃತ್ತಿಯವರೆಗಿನ ಲೆಕ್ಕವನ್ನು ಬರೆಸಿಕೊಳ್ಳಿ, ಬಾಯಿಮಾತು ಬೇಡ. 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿ ಹಳೆಯ ಪಿಂಚಣಿಯಲ್ಲಿರುವವರಿಗೆ ಇದು ಇನ್ನೂ ಮುಖ್ಯ. ಪೂರ್ಣ ಅರ್ಹತಾ ಸೇವೆಯಿದ್ದವರಿಗೆ ಕೊನೆಯ ಸಂಬಳದ ಅರ್ಧ ಪಿಂಚಣಿಯಾಗುವುದರಿಂದ, ಮೂಲ ವೇತನದಲ್ಲಿ 1,500 ರೂಪಾಯಿಯ ವ್ಯತ್ಯಾಸವಾದರೆ ಜೀವನಪೂರ್ತಿ ತಿಂಗಳಿಗೆ 750 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ.

ಇಷ್ಟನ್ನೂ ಮುಂದಿಟ್ಟುಕೊಂಡರೆ ನಮ್ಮ ಶಿಕ್ಷಕಿಯ ನಿರ್ಧಾರ ಕಷ್ಟವಲ್ಲ. ಪ್ರಭಾರದಲ್ಲಿ ಅವರಿಗೆ ಬೇಸರವಾದದ್ದು ಪುಸ್ತಕಗಳಿಂದ, ಜನರಿಂದಲ್ಲ. 120 ಮಕ್ಕಳ ಶಾಲೆಯಲ್ಲಿ ಐವರು ಶಿಕ್ಷಕರು ಕೆಲಸದಲ್ಲಿದ್ದಾರೆ, ಲೆಕ್ಕ ಚೊಕ್ಕವಾಗಿದೆ, ಗಣಿತ ಕೈಯಲ್ಲೇ ಉಳಿಯುತ್ತದೆ. ಆ ಶಾಲೆ ಸಿಕ್ಕರೆ ಒಪ್ಪಬೇಕು. ಅವರ ಸರದಿ ಬರುವ ಹೊತ್ತಿಗೆ ಅದನ್ನು ಬೇರೆಯವರು ತೆಗೆದುಕೊಂಡು, ಉಳಿದದ್ದು ಇಬ್ಬರು ಶಿಕ್ಷಕರ, ಬಾಕಿ ಲೆಕ್ಕದ ಶಾಲೆಯಷ್ಟೇ ಆದರೆ, ಕಳೆದುಕೊಳ್ಳುವ ಹಣ ಎಷ್ಟೆಂದು ತಿಳಿದೇ ಅವರು ಬಿಡಬಹುದು. ಯಾವ ಶಾಲೆಯಾದರೆ ಹೌದು, ಯಾವುದಾದರೆ ಬೇಡ ಎನ್ನುವ ಈ ಪಟ್ಟಿಯನ್ನು ಕೌನ್ಸೆಲಿಂಗ್‌ನ ಹಿಂದಿನ ದಿನವೇ ಬರೆದು ಮುಗಿಸಿರಬೇಕು. ಪರದೆಯ ಮುಂದೆ ಕುಳಿತು ಹೆಸರು ಕೂಗಿದ ಮೇಲೆ ಯೋಚಿಸಲು ಸಿಗುವುದು ಕೆಲವೇ ನಿಮಿಷ.